ಒಂದು ಸಾಲು ಬರೆದು ರಿಜೆಕ್ಟ್ ಮಾಡಿದ್ರೆ ಕೆಲಸ ಮುಗೀತಾ?

ಮಾನ್ಯ ಸಂಪಾದಕರೇ,

ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ನಮ್ಮ ಹೋಬಳಿ ನಾಡಕಚೇರಿ ಮುಂದಿನ ಕ್ಯೂ ಫೋಟೊ ಹಾಕಿ ಸರ್ವರ್ ಡೌನ್ ಅಂತ ಸುದ್ದಿ ಬರೆದಿದ್ರಲ್ಲ, ಆ ಕ್ಯೂನಲ್ಲಿ ನಾನೂ ಇದ್ದೆ. ಸರ್ವರ್ ಕೆಟ್ಟಿದ್ದು ನಿಜ. ಆದ್ರೆ ಸರ್ವರ್ ಇವತ್ತಲ್ಲ ನಾಳೆ ಸರಿಹೋಗುತ್ತೆ, ಸರಿಹೋದ ಮೇಲೆ ಏನಾಗುತ್ತೆ ಅನ್ನೋದನ್ನ ಯಾರೂ ಬರೀತಿಲ್ಲ, ಅದಕ್ಕೇ ನಾನು ಬರೀತಿದೀನಿ. ನಿನ್ನೆ ಸಂಜೆ ನನ್ನ ಫೋನಿಗೆ ಮೆಸೇಜ್ ಬಂತು, ಮಗಳ ಜಾತಿ ಮತ್ತು ಆದಾಯ ಪ್ರಮಾಣ ಪತ್ರದ ಅರ್ಜಿ ತಿರಸ್ಕೃತ. ಕಾರಣ: ದಾಖಲೆ ಸರಿ ಇಲ್ಲ. ಅಷ್ಟೇ, ಮೂರು ಪದ. ಯಾವ ದಾಖಲೆ, ಏನು ಸರಿ ಇಲ್ಲ, ಏನು ತಂದ್ರೆ ಸರಿ ಆಗುತ್ತೆ, ಒಂದಕ್ಷರ ಇಲ್ಲ. ಇದು ಎರಡನೇ ಸಲ.

ಮಗಳು ಸಿಇಟಿ ಬರೆದಿದಾಳೆ, 2ಎ ಮೀಸಲಾತಿ ಕೇಳೋಕೆ ಸರ್ಟಿಫಿಕೇಟಿನ ಆರ್.ಡಿ. ನಂಬರ್ ಬೇಕು. RD ಅಂತ ಶುರುವಾಗಿ ಮುಂದೆ 13 ಅಂಕಿ ಇರುತ್ತಲ್ಲ, ಅದೇ. ಅದು ಇಲ್ಲದಿದ್ರೆ ಮೀಸಲಾತಿ ಬಿದ್ದುಹೋಗಿ ಜನರಲ್ ಮೆರಿಟ್ ಲೆಕ್ಕಕ್ಕೆ ಬರ್ತಾಳೆ. ಅವಳು ಹೈಸ್ಕೂಲಿಗೆ ಸೇರುವಾಗ ಮಾಡಿಸಿದ್ದ ಹಳೇ ಸರ್ಟಿಫಿಕೇಟ್ ನಮ್ಮ ಹತ್ರ ಇದೆ, ಅದರ ಆರ್.ಡಿ. ನಂಬರೂ ಇದೆ, ಆದ್ರೆ ಐದು ವರ್ಷದ ಅವಧಿ ಮುಗಿದಿದೆ. ಇಲ್ಲಿ ಒಂದು ಮಾತು ಕೇಳ್ತೀನಿ. ಐದು ವರ್ಷದಲ್ಲಿ ಆದಾಯ ಬದಲಾಗಬಹುದು, ಒಪ್ತೀನಿ, ಆದಾಯ ಮತ್ತೆ ಪರಿಶೀಲಿಸಲಿ. ಜಾತಿ ಹೇಗೆ ಬದಲಾಗುತ್ತೆ? ಇದೇ ಕಚೇರಿ ಕೊಟ್ಟ ಸರ್ಟಿಫಿಕೇಟ್ ಇದೇ ಕಚೇರಿಯ ಕಂಪ್ಯೂಟರಲ್ಲಿ ಇರುವಾಗ ಜಾತಿಗೆ ಮತ್ತೆ ಟಿಸಿ ತನ್ನಿ, ಅಪ್ಪನ ಟಿಸಿ ತನ್ನಿ ಅಂದ್ರೆ ಏನರ್ಥ?

ಅಪ್ಪನ ಟಿಸಿಯಲ್ಲೇ ಸಿಕ್ಕಾಕೊಂಡಿದ್ದು ನಾವು. ನನ್ನ ಟಿಸಿಯಲ್ಲಿ ಮೇಷ್ಟ್ರು ಆ ಕಾಲದಲ್ಲಿ ಅಗಸ ಅಂತ ಬರೆದಿದಾರೆ, ಮಗಳ ಟಿಸಿಯಲ್ಲಿ ಮಡಿವಾಳ ಅಂತಿದೆ. ಎರಡೂ ಒಂದೇ ಅಂತ ನಮ್ಮೂರಲ್ಲಿ ಸಣ್ಣ ಮಗುವಿಗೂ ಗೊತ್ತು, ಸರ್ಕಾರದ್ದೇ 2ಎ ಪಟ್ಟಿಯಲ್ಲಿ ಎರಡೂ ಹೆಸರು ಒಟ್ಟಿಗೇ ಇವೆ. ಆದ್ರೆ ಪೋರ್ಟಲಲ್ಲಿ ಜಾತಿ ಆರಿಸುವ ಜಾಗದಲ್ಲಿ ಬೇರೆ ಬೇರೆ ಕಾಣ್ಸುತ್ತೆ, ಒಂದನ್ನೇ ಒತ್ತಬೇಕು. ಮಡಿವಾಳ ಒತ್ತಿದೆ, ಎರಡೂ ಟಿಸಿ ಅಪ್‌ಲೋಡ್ ಮಾಡಿದೆ. ಅಪ್‌ಲೋಡ್ ಅಂದ್ರೆ ಸುಮ್ನೆ ಅಲ್ಲ, ಫೋನಲ್ಲಿ ತೆಗೆದ ಫೋಟೊ 4 ಎಂಬಿ ಬರುತ್ತೆ, ದೊಡ್ಡದಾಯ್ತು ಅಂತ ತಗೊಳಲ್ಲ, ಕುಗ್ಗಿಸಿ ಪಿಡಿಎಫ್ ಮಾಡಿದ್ರೆ ನನ್ನ ಹಳೇ ಟಿಸಿಯ ಶಾಯಿ ಅಕ್ಷರ ಮಸುಕಾಗಿಹೋಗುತ್ತೆ. ಮಸುಕಾಗಿರೋದನ್ನ ನೋಡಿ ಒಳಗೆ ಕೂತವರು ಸರಿ ಇಲ್ಲ ಅಂತಾರೋ, ಜಾತಿ ಹೆಸರು ಬೇರೆ ಇದೆ ಅಂತಾರೋ ನಮಗೆ ಹೇಗೆ ಗೊತ್ತಾಗ್ಬೇಕು? ಮೊದಲನೇ ಸಲ ಮಸುಕು ಕಾರಣ ಇರಬಹುದು ಅಂದ್ಕೊಂಡು ಸೈಬರ್ ಸೆಂಟರಲ್ಲಿ 200 ರೂಪಾಯಿ ಕೊಟ್ಟು ಸ್ಕ್ಯಾನ್ ಮಾಡಿಸಿ ಮತ್ತೆ ಹೊಸದಾಗಿ ಹಾಕಿದೆ. ನಿನ್ನೆ ಅದೂ ಹೋಯ್ತು.

ಅರ್ಜಿ ಎಲ್ಲಿದೆ ಅಂತ ನೋಡೋಕೆ ಸ್ಟೇಟಸ್ ಅಂತ ಕೊಟ್ಟಿದಾರಲ್ಲ, ಅದನ್ನ ದಿನಾ ಬೆಳಗ್ಗೆ ನೋಡ್ತಿದ್ದೆ. ಹನ್ನೊಂದು ದಿನ ವಿ.ಎ., ಅಂದ್ರೆ ಗ್ರಾಮ ಆಡಳಿತಾಧಿಕಾರಿ, ಅವರ ಲಾಗಿನ್ನಲ್ಲೇ ಕೂತಿತ್ತು. ವಿ.ಎ. ಸ್ಥಳಕ್ಕೆ ಬಂದು ವಿಚಾರಿಸಿ ವರದಿ ಕೊಡ್ಬೇಕು, ಅದು ಆರ್.ಐ., ಅಂದ್ರೆ ಕಂದಾಯ ನಿರೀಕ್ಷಕರಿಗೆ ಹೋಗ್ಬೇಕು, ಆಮೇಲೆ ಉಪ ತಹಶೀಲ್ದಾರ್ ಡಿಜಿಟಲ್ ಸಹಿ. ನಮ್ಮನೆಗೆ ಯಾರೂ ಬರಲಿಲ್ಲ, ಅಕ್ಕಪಕ್ಕದವರನ್ನ ಕೇಳಲಿಲ್ಲ, ಒಂದು ಫೋನ್ ಮಾಡಲಿಲ್ಲ. ಹನ್ನೆರಡನೇ ದಿನ ಆರ್.ಐ. ಹತ್ರ ಹೋಗಿ ಅದೇ ವಾರ ತಿರಸ್ಕೃತ ಆಯ್ತು, ಅದೂ ಸ್ವೀಕೃತಿ ಚೀಟಿಯಲ್ಲಿ ಬರೆದಿದ್ದ ಕೊನೇ ದಿನಕ್ಕೆ ಎರಡು ದಿನ ಮೊದಲು.

ಈ ಎರಡು ದಿನದ ವಿಷಯ ಓದುಗರು ಗಮನಿಸ್ಬೇಕು. 2011ರ ಸಕಾಲ ಕಾಯ್ದೆ ಪ್ರಕಾರ ಕೊನೇ ದಿನ ಮೀರಿದ್ರೆ ದಿನಕ್ಕೆ 20 ರೂಪಾಯಿ ಹಾಗೆ ಹೆಚ್ಚೆಂದರೆ 500 ರೂಪಾಯಿ ಪರಿಹಾರ, ಅದು ಅಧಿಕಾರಿ ಜೇಬಿಂದ. ಆದ್ರೆ ಕೊನೇ ದಿನದ ಒಳಗೆ ತಿರಸ್ಕರಿಸಿಬಿಟ್ರೆ ಅರ್ಜಿ ವಿಲೇವಾರಿ ಆಯ್ತು ಅಂತ್ಲೇ ಲೆಕ್ಕ. ವಿಳಂಬ ಇಲ್ಲ, ಪರಿಹಾರ ಇಲ್ಲ. ನಾನು ಮತ್ತೆ ಅರ್ಜಿ ಹಾಕಿದ್ರೆ ಹೊಸ ನಂಬರ್, ಹೊಸ ಫೀಸು, ದಿನದ ಎಣಿಕೆ ಮತ್ತೆ ಒಂದರಿಂದ. ಕಡಿಮೆ ಬಿದ್ದ ಒಂದು ದಾಖಲೆಯನ್ನ ಅದೇ ಅರ್ಜಿಗೆ ಸೇರಿಸೋ ಜಾಗ ನಾನು ಹುಡುಕಿದೆ, ಎಲ್ಲೂ ಸಿಗಲಿಲ್ಲ. ನಮ್ಮ ಮನೇಲಿ ಒಂದೂವರೆ ತಿಂಗಳು ಹೋಗಿದೆ, ಅವರ ಕಂಪ್ಯೂಟರಲ್ಲಿ ಎರಡು ಅರ್ಜಿ ಟೈಮಿಗೆ ಸರಿಯಾಗಿ ಮುಗಿದಿವೆ. ಮೇಲಿನವರು ಅಂಕಿಅಂಶ ನೋಡಿದ್ರೆ ಎಲ್ಲ ಚೆನ್ನಾಗಿದೆ ಅಂತ್ಲೇ ಕಾಣುತ್ತೆ.

ಇವತ್ತು ಬೆಳಗ್ಗೆ ಅರ್ಧ ದಿನದ ಸಂಬಳ ಬಿಟ್ಟು ಕಚೇರಿಗೆ ಹೋದೆ. ಹತ್ತೂವರೆಗೆ ಬಾಗಿಲು ತೆಗೆದ್ರು, ಹನ್ನೊಂದೂಕಾಲಿಗೆ ಕರೆಂಟ್ ಹೋಯ್ತು, ಯುಪಿಎಸ್ ಇದೆಯಂತೆ ಬ್ಯಾಟರಿ ಇಲ್ಲವಂತೆ. ಆಪರೇಟರ್ ಹುಡುಗನ್ನ ಕೇಳಿದ್ರೆ ನಂಗೇನ್ ಗೊತ್ತಣ್ಣ, ರಿಜೆಕ್ಟ್ ಆದ್ಮೇಲೆ ನಮ್ ಕೈಲಿ ಏನೂ ಇಲ್ಲ, ಹೊಸ ಅರ್ಜಿ ಹಾಕಿ ಅಂದ. ಅವನ ಮೇಲೆ ನಂಗೆ ಕೋಪ ಇಲ್ಲ. ವಿ.ಎ. ಮಂಗಳವಾರ ಮಾತ್ರ ಸಿಕ್ತಾರಂತೆ, ಆರ್.ಐ. ಮೀಟಿಂಗಲ್ಲಿದ್ರು. ಈ ಮೀಟಿಂಗ್ ನಾನು ಹದಿನೈದು ವರ್ಷದಿಂದ ಕೇಳ್ತಿದೀನಿ, ನಮ್ಮಪ್ಪನ ಪಹಣಿಯಲ್ಲಿ ಹೆಸರು ತಪ್ಪಾಗಿದ್ದಾಗಲೂ ಆರ್.ಐ. ಮೀಟಿಂಗಲ್ಲೇ ಇದ್ರು, ಆ ಒಂದಕ್ಷರ ಸರಿ ಮಾಡಿಸೋಕೆ ಎರಡು ವರ್ಷ ಓಡಾಡಿ ಅಪ್ಪ ತೀರಿಕೊಂಡ ಮೇಲೆ ಸರಿ ಆಯ್ತು. ಪಕ್ಕದೂರಿನವರ ಪೋಡಿ ಇನ್ನೂ ಆಗಿಲ್ಲ. ವಿ.ಎ.ಗಳ ಕಷ್ಟವೂ ಇದೆ, 2024ರಲ್ಲಿ ಅವರು ಮುಷ್ಕರ ಮಾಡಿದಾಗ ಕೂರೋಕೆ ಕುರ್ಚಿ ಟೇಬಲ್ ಇಲ್ಲ, ಒಂದೊಂದು ಕೆಲಸಕ್ಕೂ ಒಂದೊಂದು ಆ್ಯಪ್ ಕೊಟ್ಟಿದಾರೆ ಅಂತಿದ್ರು, ಅದು ನ್ಯಾಯವಾದ ಮಾತೇ. ಅವರಿಗೆ ಕುರ್ಚಿ ಕೊಡಿ, ಲ್ಯಾಪ್‌ಟಾಪ್ ಕೊಡಿ, ಯಾರು ಬೇಡ ಅಂದ್ರು? ಆದ್ರೆ ತಿರಸ್ಕರಿಸೋ ಮುಂಚೆ ಒಂದು ಫೋನ್ ಮಾಡೋಕೆ ಕುರ್ಚಿ ಟೇಬಲ್ ಬೇಕಾಗಿಲ್ಲ. ಅರ್ಜಿಯಲ್ಲಿ ನನ್ನ ನಂಬರ್ ಇದೆ, ಓಟಿಪಿ ಬಂದಿದ್ದೇ ಆ ನಂಬರಿಗೆ. ನಾನು ಅವತ್ತೇ ಓಡಿ ಬರ್ತಿದ್ದೆ.

ಬೇರೆಯವರಿಗೂ ಗೊತ್ತಾಗ್ಲಿ ಅಂತ ಬರೀತಿದೀನಿ, ತಿರಸ್ಕೃತ ಅಂತ ಬಂದ್ರೆ ಸೈಬರಿನವರ ಮಾತು ಕೇಳಿ ತಕ್ಷಣ ಹೊಸ ಅರ್ಜಿ ಹಾಕ್ಬೇಡಿ. ಮೊದಲು ಸ್ವೀಕೃತಿ ಚೀಟಿ ಹಿಡ್ಕೊಂಡು ಹೋಗಿ ವಿ.ಎ. ವರದಿಯಲ್ಲಿ ಏನು ಬರೆದಿದಾರೆ ಅಂತ ಕೇಳಿ, ಗೊತ್ತಾಗದೇ ಮತ್ತೆ ಹಾಕಿದ್ರೆ ಅದೇ ಕಲ್ಲಿಗೆ ಮತ್ತೆ ಎಡವ್ತೀರ, ನಾನು ಎಡವಿದ ಹಾಗೆ. ಸಕಾಲದಲ್ಲಿ ಮೇಲ್ಮನವಿಗೂ ಅವಕಾಶ ಇದೆ, ತಿರಸ್ಕರಿಸಿದ್ದಕ್ಕೂ ಹಾಕಬಹುದು. ನಾನು ನಾಳೆ ಹಾಕ್ತಿದೀನಿ, ಆದ್ರೆ ಮೇಲ್ಮನವಿ ಮುಗಿಯೋ ತನಕ ಸಿಇಟಿಯವರು ಕಾಯ್ತಾರಾ?

ಸಂಬಂಧಪಟ್ಟವರು ಕೂಡಲೇ ಗಮನ ಹರಿಸ್ಬೇಕು. ತಿರಸ್ಕರಿಸಿದ್ರೆ ಯಾವ ದಾಖಲೆ ಯಾಕೆ ಅಂತ ಕನ್ನಡದಲ್ಲಿ ಪೂರ್ತಿ ಬರೀಲಿ, ಇಲ್ಲಾ ಅಂದ್ರೆ ತಿರಸ್ಕರಿಸೋ ಅಧಿಕಾರವನ್ನೇ ಕಿತ್ತುಕೊಳ್ಳಲಿ. ಆ ಯುಪಿಎಸ್‌ಗೆ ಬ್ಯಾಟರಿನೂ ಹಾಕಿಸ್ಲಿ. ಓಟಿಗೆ ಬರುವಾಗ ನಮ್ಮ ಮನೆ ಬಾಗಿಲು ಇವರಿಗೆಲ್ಲ ಕಾಣುತ್ತೆ, ಮಗಳ ಜಾತಿ ವಿಚಾರಿಸೋಕೆ ಬರುವಾಗ ಮಾತ್ರ ಯಾಕೆ ಕಾಣಲ್ಲ?

ಇಂತಿ,
ನೊಂದ ಓದುಗ