ಸಹಯೋಗ ಕೇಳಿ ಪೋಸ್ಟ್ ಹಾಕುವವರಿಗೆ

ಸದಸ್ಯರೇ, ನಮಸ್ಕಾರ. ಮದ್ದೂರು ಕಡೆಯ ನಮ್ಮ ಆಲೆಮನೆ ಮಿತ್ರರು ಕಳೆದ ವಾರ ಇಲ್ಲಿ ಹೀಗೆ ಬರೆದಿದ್ದರು: ‘ನಮ್ಮಲ್ಲಿ ರಾಸಾಯನಿಕವಿಲ್ಲದ ಬೆಲ್ಲ ತಯಾರಾಗುತ್ತದೆ. ಸಿಹಿತಿಂಡಿ ಮಾಡುವವರು ಕೈಜೋಡಿಸಿದರೆ ಇಬ್ಬರೂ ಬೆಳೆಯಬಹುದು. ಆಸಕ್ತರು ಕರೆ ಮಾಡಿ.’

ಒಂದು ಕರೆಯೂ ಬರಲಿಲ್ಲ. ಬೆಲ್ಲದ ತಪ್ಪಲ್ಲ. ಕೈಜೋಡಿಸುವುದೆಂದರೆ ಬೆಲ್ಲ ಕೊಳ್ಳುವುದೋ, ಬಂಡವಾಳ ಹಾಕುವುದೋ, ಓದಿದವರಿಗೆ ತಿಳಿಯಲಿಲ್ಲ. ಅಷ್ಟು ತಿಳಿಯಲು ಗುರುತಿಲ್ಲದವರಿಗೆ ಯಾರು ಕರೆ ಮಾಡುತ್ತಾರೆ?

ಅವರ ಒಪ್ಪಿಗೆ ಪಡೆದು ಹೀಗೆ ತಿದ್ದಿದ್ದೇವೆ:

‘ಮೈಸೂರಿನಲ್ಲಿ ಕಡಲೆಮಿಠಾಯಿ ಮಾಡುವವರಿಗೆ: 2 ಕಿಲೋ ಬೆಲ್ಲವನ್ನು ಉಚಿತವಾಗಿ ನಿಮ್ಮಲ್ಲಿಗೇ ತಲುಪಿಸುತ್ತೇನೆ. ಒಮ್ಮೆ ಪಾಕ ಮಾಡಿ ನೋಡಿ. ಮಿಠಾಯಿ ಟಕ್ಕೆಂದು ಮುರಿಯಿತೇ, ಮೂರನೆಯ ದಿನ ಅಂಟಾಯಿತೇ, ಇಷ್ಟು ತಿಳಿಸಿದರೆ ಸಾಕು. ಹೊಸ ಬೆಲ್ಲವನ್ನು ಖರ್ಚಿಲ್ಲದೆ ಪರೀಕ್ಷಿಸುವುದು ನಿಮಗೆ ಲಾಭ. ನನ್ನ ಬೆಲ್ಲ ಮಿಠಾಯಿಗೆ ಒಗ್ಗುತ್ತದೆಯೇ ಎಂದು ತಿಳಿಯುವುದು ನನಗೆ ಲಾಭ. ಒಗ್ಗಿದರೆ ದರದ ಮಾತು ಆಮೇಲೆ. ಬೇಕಿದ್ದವರು “ಕಳುಹಿಸಿ” ಎಂದಷ್ಟೇ ಬರೆಯಿರಿ.’

ಇಲ್ಲಿ ಅವರು ತಮ್ಮ ಲಾಭವನ್ನು ಮುಚ್ಚಿಟ್ಟಿಲ್ಲ. ಮೊದಲ ಕರಡಿನಲ್ಲಿ ನಾನೇ ಆ ಸಾಲನ್ನು ಬಿಟ್ಟಿದ್ದೆ. ಓದಿದರೆ ಪುಕ್ಕಟೆ ಬೆಲ್ಲದ ಹಿಂದೆ ಏನೋ ಇದೆ ಎನ್ನಿಸುತ್ತಿತ್ತು. ಆ ಕರಡಿನಲ್ಲಿದ್ದ ‘ತಿಂಗಳಿಗೆ ಇಷ್ಟು ಕ್ವಿಂಟಲ್’ ಎಂಬ ಮಾತನ್ನೂ ತೆಗೆಸಿದೆವು. ಮಿಠಾಯಿಯೇ ಅಂಟಾದರೆ ಆ ಲೆಕ್ಕಕ್ಕೆ ಅರ್ಥವಿಲ್ಲ. ‘ಸಿಹಿತಿಂಡಿ ಮಾಡುವವರು’ ಹೋಗಿ ‘ಕಡಲೆಮಿಠಾಯಿ ಮಾಡುವವರು’ ಆದದ್ದು ಬೇಕೆಂದೇ: ಇದು ತನಗೇ ಹೇಳಿದ್ದು ಎಂದು ಒಬ್ಬರಿಗಾದರೂ ಅನ್ನಿಸಬೇಕು.

ಇಂಥ ಪೋಸ್ಟ್ ಹಾಕುವವರು ಹಿಂದಿನ ದಿನವೇ ಕರಡನ್ನು ನನಗೆ ಕಳುಹಿಸಿ, ಕೂತು ತಿದ್ದೋಣ.