ಭಾನುವಾರದ ಸ್ಪ್ಯಾನಿಷ್ ತರಗತಿ: ‘ಕೋಮೆ’ಯೋ ‘ಕೋಮಾ’ವೋ?

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 10ಕ್ಕೆ ಕಾರವಾರದ ಆರಂಭಿಕರ ತಂಡಕ್ಕೆ ಸಬ್ಜಂಕ್ಟಿವ್ ಪಾಠವಿದೆ. ಕಳೆದ ವಾರದ ಹಾಳೆಗಳಲ್ಲಿ ಬಹುತೇಕರು ಒಂದೇ ಕಡೆ ಎಡವಿದ್ದೀರಿ, ಅದಕ್ಕೇ ಈ ಸೂಚನೆ.

‘ಆನಾ ಮೀನು ತಿನ್ನುತ್ತಾಳೆ’ ಎಂಬುದು ‘ಆನಾ ಕೋಮೆ ಪೆಸ್ಕಾದೊ’. ಮುಂದೆ ‘ಕಿಯೆರೊ ಕೆ’ (ಬಯಸುತ್ತೇನೆ) ಬಂದರೆ ‘ಕೋಮೆ’ ಹೋಗಿ ‘ಕೋಮಾ’ ಆಗುತ್ತದೆ. ನಮ್ಮ ‘ತಿನ್ನಲಿ’ಯ ಹಾಗೆ. ‘ದುದೊ ಕೆ’ (ಅನುಮಾನ) ಬಂದರೂ ‘ಕೋಮಾ’ವೇ. ‘ಕ್ರೆಯೊ ಕೆ’ (ನಂಬುತ್ತೇನೆ) ಎಂದರೆ ಮಾತ್ರ ‘ಕೋಮೆ’ ಉಳಿಯುತ್ತದೆ.

ಆದರೆ ‘ಲಿ’ಯನ್ನೇ ನಂಬಿ ಕೂರಬೇಡಿ. ‘ಮೆ ಅಲೆಗ್ರಾ ಕೆ ಆನಾ ಕೋಮಾ ಪೆಸ್ಕಾದೊ’ ಎಂದರೆ ಅವಳು ಮೀನು ತಿನ್ನುವುದು ನನಗೆ ಸಂತೋಷ. ತಿನ್ನುವುದು ನಿಜವೇ, ಆದರೂ ಭಾವನೆಯ ಮಾತಾದ್ದರಿಂದ ‘ಕೋಮಾ’. ಕನ್ನಡದಲ್ಲಿ ಇಲ್ಲಿ ‘ತಿನ್ನಲಿ’ ಹೊಂದುವುದೇ ಇಲ್ಲ.

ಬಯಸುವವರೂ ತಿನ್ನುವವರೂ ಒಬ್ಬರೇ ಆದರೆ ‘ಕೆ’ ಬೇಡ: ‘ಕಿಯೆರೊ ಕೊಮೆರ್’ ಸಾಕು.

‘ಆಬ್ಲಾ’ (ಮಾತನಾಡುತ್ತಾಳೆ) ಬಳಸಿ ಬಯಕೆ, ಅನುಮಾನ, ಸಂತೋಷಕ್ಕೆ ಒಂದೊಂದು ವಾಕ್ಯ ಬರೆದು ಶನಿವಾರ ರಾತ್ರಿ 8ರೊಳಗೆ ಇಲ್ಲಿಯೇ ಹಾಕಿ. ಅದರಲ್ಲಿ ಬದಲಾವಣೆ ತಿರುಗುಮುರುಗು, ‘ಆಬ್ಲೆ’ ಆಗುತ್ತದೆ. ಬರಲಾಗದವರು ದಯವಿಟ್ಟು ಇಂದೇ ತಿಳಿಸಿ.