ಆ ಧನ್ಯವಾದದ ಮೇಲ್ ಬಗ್ಗೆ

ಪ್ರೀತಿಯ ಸುಧಾ,

ನಿನ್ನ ಪತ್ರದಲ್ಲಿ ಒಂದು ಸಾಲನ್ನು ಮಾತ್ರ ಮತ್ತೆ ಮತ್ತೆ ಓದಿದೆ. ‘ಸಂದರ್ಶನ ಮುಗಿದ ಮೇಲೆ ಮೇಲ್ ಬರೆದರೆ ಕೆಲಸಕ್ಕಾಗಿ ಗೋಗರೆದಂತೆ ಕಾಣುವುದಿಲ್ಲವೇ ದೊಡ್ಡಮ್ಮಾ?’ ಈ ಅಂಜಿಕೆ ನನಗೂ ಇತ್ತು, ಕಣಮ್ಮಾ.

ನನ್ನ ಎರಡನೆಯ ಸಂದರ್ಶನ ಚೆನ್ನಾಗಿಯೇ ಆಗಿತ್ತು. ಬಂದವಳೇ ಎರಡು ಪುಟ ಬರೆದೆ. ಮನೆಯ ಕಷ್ಟ, ‘ಇದು ಸಿಗದಿದ್ದರೆ ನನಗೆ ಬೇರೆ ದಾರಿಯಿಲ್ಲ’ ಎಂಬ ಮಾತು, ಎಲ್ಲವೂ ಅದರಲ್ಲಿತ್ತು. ಉತ್ತರ ಬರಲಿಲ್ಲ. ಆ ನಾಚಿಕೆಗೆ ಮುಂದಿನ ಮೂರು ಕಡೆ ಒಂದಕ್ಷರವನ್ನೂ ಬರೆಯಲಿಲ್ಲ. ಈಗಲೂ ನನ್ನನ್ನು ಕೊರೆಯುವುದು ಆ ಮೌನವೇ. ಅವುಗಳಲ್ಲಿ ಒಂದು ಕಡೆ ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ನನಗೆ ಹಿಂದಿರುಗುವ ಬಸ್ಸಿನಲ್ಲಿ ಹೊಳೆದಿತ್ತು. ನಾಲ್ಕು ಸಾಲಿನಲ್ಲಿ ತಿಳಿಸಬಹುದಿತ್ತು.

ಮುಂದೆ ಸಂದರ್ಶನ ಮಾಡುವವರ ಸಾಲಿನಲ್ಲಿ ಕುಳಿತು ಅಂಥ ಮೇಲ್‌ಗಳನ್ನು ಓದಿದೆ. ಧನ್ಯವಾದ ಹೇಳಿದ್ದಕ್ಕೆ ಯಾರೂ ಚಿಕ್ಕವರಾಗಿ ಕಾಣಲಿಲ್ಲ. ‘ನಾನೇ ಸೂಕ್ತ’ ಎಂದು ಮೂರು ಸಲ ಬರೆದವರಲ್ಲಿ, ಮರುದಿನವೇ ‘ತೀರ್ಮಾನ ಏನಾಯಿತು’ ಎಂದು ಕೇಳಿದವರಲ್ಲಿ ಆತಂಕ ಎದ್ದು ಕಾಣುತ್ತಿತ್ತು.

ತಿಂಗಳ ಕೊನೆಗೆ ಬ್ಯಾಂಕ್ ಲೆಕ್ಕ ತಾಳೆ ನೋಡುವುದು ತಡವಾಗುತ್ತಿದೆ ಎಂದು ಆ ವ್ಯವಸ್ಥಾಪಕರು ಹೇಳಿದರೆಂದು ಬರೆದಿದ್ದೀಯಲ್ಲ, ಅಲ್ಲಿಂದಲೇ ಹಿಡಿ:

‘ನಿನ್ನೆ ಸಮಯ ಕೊಟ್ಟು ಮಾತನಾಡಿದ್ದಕ್ಕೆ ಧನ್ಯವಾದಗಳು. ಲೆಕ್ಕದ ತಾಳೆ ತಡವಾಗುವ ಬಗ್ಗೆ ನೀವು ಹೇಳಿದ್ದನ್ನು ಯೋಚಿಸುತ್ತಿದ್ದೆ. ಈಗಿನ ಕಚೇರಿಯಲ್ಲಿ ವಾರಕ್ಕೊಮ್ಮೆ ತಾಳೆ ನೋಡಲು ಆರಂಭಿಸಿದ ಮೇಲೆ ತಿಂಗಳ ಕೊನೆಯ 6 ದಿನಗಳ ಕೆಲಸ 2 ದಿನಕ್ಕೆ ಇಳಿಯಿತು. ನಿಮ್ಮ ತಂಡದಲ್ಲಿಯೂ ಈ ಕೆಲಸ ಮಾಡಲು ಆಸಕ್ತಿಯಿದೆ. ಹೆಚ್ಚಿನ ವಿವರ ಬೇಕಿದ್ದರೆ ಕಳುಹಿಸುತ್ತೇನೆ.’

ಇಷ್ಟು ಸಾಕು. ಅವರ ತೊಂದರೆಯ ಪಕ್ಕದಲ್ಲಿ ನೀನು ಮಾಡಿ ತೋರಿಸಿದ ಕೆಲಸವನ್ನು ಇಟ್ಟಿದ್ದೀಯೆ, ಎಲ್ಲಿಯೂ ಕೈಚಾಚಿಲ್ಲ. 6 ಮತ್ತು 2 ಎಂಬುದು ನಿನ್ನ ಪತ್ರ ನೋಡಿ ಬರೆದದ್ದು, ತಪ್ಪಿದ್ದರೆ ತಿದ್ದಿಕೋ. ಆಸಕ್ತಿಯ ಮಾತು ಒಂದೇ ಸಲ ಬರಲಿ. ‘ದಯವಿಟ್ಟು ಪರಿಗಣಿಸಿ’ ಎಂದು ಕೊನೆಗೆ ಸೇರಿಸಲು ಕೈ ತುಡಿಯುತ್ತದೆ, ನನಗೂ ತುಡಿದಿತ್ತು. ಸೇರಿಸಬೇಡ.

ಮತ್ತೇನು ಹೇಳಲಿ? ನಿನಗೆ ಗೊತ್ತಿರುವುದೇ ಇರಬಹುದು. ನಾಳೆ ದಾಟಲು ಬಿಡಬೇಡ. ಸಂದರ್ಶನ ಮಾಡಿದ ಇಬ್ಬರಿಗೂ ಒಂದೇ ಒಕ್ಕಣೆ ಕಳುಹಿಸಬೇಡ, ಅವರು ಪರಸ್ಪರ ತೋರಿಸಿಕೊಳ್ಳುತ್ತಾರೆ. ಉತ್ತರ ಬಾರದಿದ್ದರೆ, ಅವರು ಹೇಳಿದ ದಿನ ಕಳೆದು ಎರಡು ಮೂರು ದಿನ ಬಿಟ್ಟು ಒಮ್ಮೆ ವಿಚಾರಿಸು. ಕೆಟ್ಟುಹೋದ ಸಂದರ್ಶನವನ್ನು ಇಂಥ ಮೇಲ್ ಉಳಿಸಿದ್ದನ್ನು ನಾನು ಕಂಡಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಅಂಜಿಕೆ ಇನ್ನೂ ಇದ್ದರೆ, ಕಳುಹಿಸುವ ಮೊದಲು ‘ನನಗೆ ಬೇಕು’ ಎನ್ನುವ ಸಾಲುಗಳನ್ನು ಹುಡುಕಿ ಅಳಿಸು. ಉಳಿದದ್ದನ್ನು ಇಂದು ರಾತ್ರಿ ನನಗೆ ಓದಿ ಹೇಳು, ಎಚ್ಚರವಾಗಿಯೇ ಇರುತ್ತೇನೆ.

ನಿನ್ನ
ದೊಡ್ಡಮ್ಮ